ಬಾಣಕ್ಕೆ ಎಷ್ಟು ಪದ?

ಥೀಸಿಸ್ ಡಿಫೆನ್ಸ್‌ನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದನ್ನೆಲ್ಲ 250 ಪದಗಳ ಸಾರಾಂಶ ಮಾಡಿ ಆನ್‌ಲೈನ್ ಫಾರ್ಮಿನಲ್ಲಿ ತುಂಬಬೇಕಿತ್ತು. ಒಂದು ಪದ ಜಾಸ್ತಿಯಾದರೂ ಸಬ್ಮಿಟ್ ಬಟನ್ ಮಂಕಾಗಿಯೇ ಇರುತ್ತದೆ. ಯಾರ ಕಾಲಿಗೆ ಬಿದ್ದರೂ ಉಪಯೋಗವಿಲ್ಲ.

ಸ್ಲೈಡುಗಳು ರೆಡಿ ಇವೆಯಲ್ಲ, ಒಟ್ಟಿಗೆ ಕಾಪಿ ಮಾಡಿದರಾಯ್ತು ಅಂದುಕೊಂಡು ಪವರ್‌ಪಾಯಿಂಟಿನ Outline View ತೆರೆದೆ. ಶೀರ್ಷಿಕೆಗಳು ಬಂದವು, ವಂದನೆಗಳು ಬಂದವು, 'ಪ್ರಶ್ನೆಗಳಿವೆಯೇ?' ಕೂಡ ಬಂತು. ಫಲಿತಾಂಶ ಮಾತ್ರ ನಾಪತ್ತೆ! ಆ ನೋಟದಲ್ಲಿ ಕಾಣುವುದು ಸ್ಲೈಡಿನ ಲೇಔಟ್‌ನಲ್ಲಿರುವ ಶೀರ್ಷಿಕೆ ಮತ್ತು ಪಠ್ಯದ ಚೌಕಗಳಲ್ಲಿ ಬರೆದದ್ದು ಮಾತ್ರ. ಗ್ರಾಫಿನ ಮೇಲೆ ಬೇರೆ ಟೆಕ್ಸ್ಟ್ ಬಾಕ್ಸ್ ಎಳೆದು ಬರೆದದ್ದು ಅಲ್ಲಿ ಬರುವುದಿಲ್ಲ. ಮುಖ್ಯವಾದದ್ದನ್ನು ಯಾರೇ ಆದರೂ ಬರೆಯುವುದು ಗ್ರಾಫಿನ ಮೇಲೆಯೇ, ಅಲ್ವಾ?

ಅದನ್ನು ಕೈಯಾರೆ ತಂದಾಗ ಸಿಕ್ಕಿದ್ದು ಇಷ್ಟು: 'ಹಳೇ ಕಾಂಕ್ರೀಟ್ ಜಲ್ಲಿ ↑ → ನೀರು ಹೀರುವಿಕೆ ↑ → ಬಲ ↓'. ಒಡೆದ ಕಟ್ಟಡದ ಕಾಂಕ್ರೀಟನ್ನು ಪುಡಿಮಾಡಿ ಹೊಸ ಜಲ್ಲಿಯ ಬದಲು ಬಳಸಿದರೆ ಏನಾಗುತ್ತದೆ ಎಂಬುದು ನನ್ನ ವಿಷಯ. ಆ ಜಲ್ಲಿಗೆ ಹಳೇ ಗಾರೆ ಅಂಟಿಕೊಂಡಿರುತ್ತದೆ, ಅದು ನೀರು ಕುಡಿಯುತ್ತದೆ. ಹಾಗಾಗಿ "ಹೆಚ್ಚು ನೀರು ಹೀರಿದ್ದರಿಂದ ಬಲ ಕುಗ್ಗಿತು" ಎಂದು ಬರೆದು ಗೈಡ್‌ಗೆ ತೋರಿಸಿದೆ.

"ಹೀರಿದ್ದರಿಂದಲೇ ಕುಗ್ಗಿತು ಅಂತ ಯಾವ ಪರೀಕ್ಷೆಯಲ್ಲಿ ನೋಡಿದ್ರಿ?"

"ಸ್ಲೈಡಲ್ಲಿ ಬಾಣ ಇತ್ತಲ್ಲ ಸರ್."

ಅಳೆದದ್ದು ಎರಡನ್ನೂ ಬೇರೆ ಬೇರೆಯಾಗಿ. ಒಂದು ಏರಿತು, ಇನ್ನೊಂದು ಇಳಿಯಿತು, ಅಷ್ಟೇ. ಡಿಫೆನ್ಸ್‌ನಲ್ಲಿ ಲೇಸರ್ ಚುಕ್ಕಿ ಆಡಿಸಿಕೊಂಡು ದಾಟಿಸಿದ್ದ ಬಾಣಕ್ಕೆ ಈಗ ಕ್ರಿಯಾಪದ ಬೇಕು. 'ಇದರಿಂದ ಅದಾಯಿತು' ಎಂದರೆ ಕಾರಣ ಹೇಳಿದ ಹಾಗೆ. 'ಇದರ ಜೊತೆಗೆ ಅದೂ ಆಯಿತು' ಎಂದರೆ ಕಂಡದ್ದನ್ನು ಹೇಳಿದ ಹಾಗೆ. ನನ್ನ ಹತ್ತಿರ ಎರಡನೆಯದಕ್ಕಷ್ಟೇ ಬಂಡವಾಳವಿತ್ತು. ಜಲ್ಲಿಯಲ್ಲಿ ಹಳೆಯದರ ಪಾಲು ಎಷ್ಟಿದ್ದಾಗ ಬಲ ಎಷ್ಟು ಇಳಿಯಿತು ಅನ್ನುವುದನ್ನೂ ಅಂಕಿಯಲ್ಲೇ ಹೇಳಬೇಕು. ಸುಮ್ನೆ ಕೆಳಮುಖದ ಬಾಣ ಸಾಲದು.

ಜಾಗ ಎಲ್ಲಿಂದ ತರುವುದು? ಪೀಠಿಕೆಯಿಂದ. ಸ್ಲೈಡುಗಳಲ್ಲಿ ಮೂರನೇ ಒಂದು ಭಾಗ ಹಿಂದಿನವರು ಮಾಡಿದ ಕೆಲಸವೇ ಇತ್ತು. ಅದು ಎರಡು ವಾಕ್ಯಕ್ಕೆ ಇಳಿಯಿತು. 'ಚಿತ್ರದಲ್ಲಿ ಕಾಣುವಂತೆ' ಹೋಯಿತು, ಸಾರಾಂಶದಲ್ಲಿ ಚಿತ್ರವೇ ಇರುವುದಿಲ್ಲ. 'ವಿನೂತನ' ಅನ್ನುವ ಪದವೂ ಹೋಯಿತು. ಯಾರೂ ಕೇಳಲಿಲ್ಲ.

ವರ್ಡ್‌ನಲ್ಲಿ ಸರಿಯಾಗಿ 250 ಬಂತು. ಫಾರ್ಮಿಗೆ ಹಾಕಿದರೆ ಮಿತಿ ಮೀರಿದೆ ಅಂತ ಕೆಂಪಕ್ಷರ! ವರ್ಡ್ ಎಣಿಸುವುದು ಖಾಲಿ ಜಾಗ ನೋಡಿಕೊಂಡು, ಅದಕ್ಕೆ 28-day ಒಂದೇ ಪದ. ಈ ಫಾರ್ಮು ಅಡ್ಡಗೆರೆ ಕಂಡಲ್ಲೆಲ್ಲ ಕತ್ತರಿಸಿ ಎರಡು ಎಣಿಸುತ್ತಿತ್ತು. ಕಾಂಕ್ರೀಟಿನ ಬಲ ಅಳೆಯುವ ವಾಡಿಕೆಯೇ 28ನೇ ದಿನಕ್ಕೆ, ಹಾಗಾಗಿ ಸಾಲುಸಾಲಿಗೂ ಅದೇ. 'ಎಲ್ಲ ಅಳತೆಗಳೂ 28ನೇ ದಿನದವು' ಎಂದು ಒಮ್ಮೆ ಹೇಳಿ ಉಳಿದದ್ದನ್ನೆಲ್ಲ ಹೊಡೆದುಹಾಕಿದೆ. ಬಟನ್ ನೀಲಿಯಾಯಿತು.

ಗೈಡ್ ಕೊನೇ ಸಲ ಓದಿ ಕನ್ನಡಕ ತೆಗೆದರು. "ಚೆನ್ನಾಗಿದೆ. ನಿಮ್ಮ ಥೀಸಿಸ್ ಯಾವುದರ ಮೇಲೆ ಅಂತ ಈಗ ಗೊತ್ತಾಯ್ತು."