ಹುಣಸೆ ಮರದಡಿ ಎದೆ ಅಮುಕಿದ್ದು ಯಾರು?

"ರಾತ್ರಿ ಹುಣಸೆ ಮರದಡಿ ಮಲಗಿದ್ರೆ ದೆವ್ವ ಎದೆ ಮೇಲೆ ಕೂರುತ್ತೆ. ಮರ ಬಿಡೋ ಇಂಗಾಲದ ಡೈಆಕ್ಸೈಡ್‌ನಿಂದ ಉಸಿರು ಕಟ್ಟುತ್ತೆ ಅಂತ ವಿಜ್ಞಾನವೂ ಹೇಳಿದೆ. ನಿಜಾನಾ?"

ಎರಡೂ ನಿಜ ಅಲ್ಲ. ಆದರೆ ಎದೆ ಅಮುಕಿದ ಅನುಭವ ಸುಳ್ಳಲ್ಲ.

ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುವುದು ಹೌದು. ಅದು ತೀರಾ ಕಡಿಮೆ, ಬಯಲಿನ ಗಾಳಿಯಲ್ಲಿ ಕೂಡಲೇ ಹರಡಿಹೋಗುತ್ತದೆ. ಪಕ್ಕದಲ್ಲಿ ಮಲಗಿದವರೂ ಅದನ್ನೇ ಉಸಿರಲ್ಲಿ ಬಿಡುತ್ತಾರೆ ಅಲ್ವಾ? ಅದರಿಂದ ಯಾರ ಉಸಿರೂ ಕಟ್ಟುವುದಿಲ್ಲ.

ನಿಜವಾದ ಕಾರಣ ನಿದ್ದೆಯಲ್ಲಿದೆ. ಕನಸು ಬೀಳುವಾಗ ಕೈಕಾಲು ಆಡದಂತೆ ಮಿದುಳೇ ತಡೆಯುತ್ತದೆ. ಕೆಲವೊಮ್ಮೆ ಆ ತಡೆ ಬಿಡುವ ಮೊದಲೇ ಎಚ್ಚರವಾಗುತ್ತದೆ. ಕಣ್ಣು ಬಿಟ್ಟಿರುತ್ತದೆ, ಕೂಗಲು ಆಗುವುದಿಲ್ಲ, ಎದೆ ಭಾರ, ಯಾರೋ ನಿಂತಂತೆ ಕಾಣುತ್ತದೆ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದೊಳಗೆ ತಾನಾಗಿ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಇದು ಜಾಸ್ತಿ.

ತುಮಕೂರಿನ ಕಡೆ ಹುಣಸೆ ಬಡಿಯುವ ಕಾಲವನ್ನೇ ನೋಡಿ. ಹಗಲೆಲ್ಲ ದುಡಿಮೆ, ರಾತ್ರಿ ತೋಪಿನಲ್ಲಿ ಹಣ್ಣಿನ ರಾಶಿಗೆ ಕಾವಲು, ತುಂಡು ತುಂಡು ನಿದ್ದೆ. ಮರ ಬರೀ ಸಾಕ್ಷಿ, ಅಪವಾದ ಮಾತ್ರ ಅದರ ಮೇಲೆ.

ನೀವೇ ಪರೀಕ್ಷಿಸಬಹುದು. ಹೀಗಾಯ್ತು ಅಂದವರನ್ನು ಕೇಳಿ: ಮನೆಯೊಳಗೂ ಆಗಿತ್ತಾ? ಹಿಂದಿನ ರಾತ್ರಿ ನಿದ್ದೆ ಆಗಿತ್ತಾ? ಹೇಗೆ ಮಲಗಿದ್ರಿ? ಮರದಡಿ ಮಲಗಿಯೂ ಏನೂ ಆಗದವರನ್ನೂ ಕೇಳಿ. ಅವರ ಕಥೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ತಲೆದಿಂಬಿನಡಿ ಕಬ್ಬಿಣ ಇಟ್ಟು, "ಮಗ್ಗುಲಾಗಿ ಮಲಗು, ನಾನಿದ್ದೀನಿ" ಅನ್ನುವ ಅಜ್ಜಿ ಭಯ ಇಳಿಸುತ್ತಾಳೆ. ಮಗ್ಗುಲಾಗುವುದು ನಿಜಕ್ಕೂ ಉಪಯೋಗ. ಪದೇ ಪದೇ ಆದರೆ, ಹಗಲೂ ತೂಕಡಿಕೆ ಬಂದರೆ, ವೈದ್ಯರಿಗೆ ತೋರಿಸಿ.