ಚಾರ್ಟಿನ ಮುಂದೆ ನಿಂತ ತಲೆ

ಹಿಂದೆ ದೊಡ್ಡದೊಂದು ಚಾರ್ಟು, ಅದರ ಮುಂದೆ ಎದೆಮಟ್ಟದವರೆಗೆ ಕಾಣುವ ಒಬ್ಬ ಮನುಷ್ಯ, ಆಗಾಗ ಹೆಗಲಾಚೆಗೆ ಚಾಚಿಕೊಳ್ಳುವ ತೋರುಬೆರಳು: ಗ್ರೀನ್ ಸ್ಕ್ರೀನ್ ವಿಡಿಯೊದ ಸಾಮಗ್ರಿ ಇಷ್ಟೇ. ಹೆಸರಿನಲ್ಲಿ ಹಸಿರು ಉಳಿದಿದೆಯಾದರೂ ಮೊಬೈಲಿನವರಿಗೆ ಹಸಿರು ಬಟ್ಟೆ ಬೇಕಾಗಿಲ್ಲ. ಸ್ಟುಡಿಯೊದಲ್ಲಿ ಬಣ್ಣವನ್ನು ಗುರುತಿಸಿ ಹಿನ್ನೆಲೆಯನ್ನು ತೆಗೆಯುತ್ತಾರೆ. ಫೋನು ಮನುಷ್ಯನ ಆಕಾರವನ್ನೇ ಅಂದಾಜಿಸಿ ಕತ್ತರಿಸುತ್ತದೆ. ಹಾಗಾಗಿಯೇ ಕೆದರಿದ ಕೂದಲಿನ ಸಂದಿನಲ್ಲಿ ಗೋಡೆಯ ಚೂರು ಇಣುಕುತ್ತದೆ, ಬೇಗ ಬೀಸಿದ ಕೈಯ ಬೆರಳೊಂದು ಕ್ಷಣಕಾಲ ಕಾಣೆಯಾಗುತ್ತದೆ. ಇವೆಲ್ಲ ಕ್ಷಮಿಸಬಹುದಾದ ತಪ್ಪುಗಳು. ತಲೆ ಎಲ್ಲಿ ನಿಂತಿದೆ ಎಂಬುದು ಮಾತ್ರ ಹಾಗಲ್ಲ.

ನಾನೂ ಒಮ್ಮೆ ಹೀಗೆ ನಿಂತೆ. ನನ್ನ ಹಿಂದೆ ಎರಡೇ ಕಂಬಗಳ ಚಾರ್ಟು. ಒಂದು ಪರೀಕ್ಷೆಯಲ್ಲಿ ಮೊದಲ ವರ್ಷ ನೂರಕ್ಕೆ 92 ಮಂದಿ, ಮರುವರ್ಷ 96 ಮಂದಿ ತೇರ್ಗಡೆಯಾಗಿದ್ದರು. ಚಾರ್ಟು ಬರೆದವರು ಎಡಗಡೆಯ ಅಳತೆಗೆರೆಯನ್ನು ಸೊನ್ನೆಯ ಬದಲು 90ರಿಂದ ಆರಂಭಿಸಿದ್ದರು. ಆದ್ದರಿಂದ ಮೊದಲ ಕಂಬ ಎರಡು ಮನೆ ಎತ್ತರ, ಎರಡನೆಯದು ಆರು ಮನೆ ಎತ್ತರ. ನಾಲ್ಕೇ ಅಂಕದ ಏರಿಕೆ ಕಣ್ಣಿಗೆ ಮೂರು ಪಟ್ಟಾಗಿ ಕಂಡಿತು. ಈ ಗುಟ್ಟನ್ನು ಬಿಟ್ಟುಕೊಡುತ್ತಿದ್ದುದು ಎಡಗಡೆಯ ಕೆಳಮೂಲೆಯ ‘90’ ಎಂಬ ಅಂಕಿಯೊಂದೇ. ನನ್ನ ತಲೆ ಸರಿಯಾಗಿ ಅದರ ಮೇಲೆಯೇ ಕುಳಿತಿತ್ತು. ಬಾಯಿ ಸುಳ್ಳಾಡಿರಲಿಲ್ಲ, ತಲೆ ಆಡಿತ್ತು.

ತಲೆಯನ್ನು ಬಲಕ್ಕೆ ಸರಿಸಿದರೆ ಮುಗಿಯಿತೆಂದುಕೊಂಡೆ. ಆದರೆ ಬಲಗಡೆ ಮೆಚ್ಚುಗೆ, ಹಂಚಿಕೆಗಳ ಗುಂಡಿಗಳು ಸಾಲಾಗಿ ನಿಂತಿರುತ್ತವೆ. ಚಾರ್ಟಿನ ಕೊನೆಯ ವರ್ಷ ಅವುಗಳಡಿ ಸೇರಿಹೋಗುತ್ತದೆ. ಕೆಳಗಿನ ಜಾಗವನ್ನು ವಿವರಣೆಯ ಸಾಲುಗಳು ಹಿಡಿದಿರುತ್ತವೆ. ಅದಲ್ಲದೆ, ಚಾರ್ಟುಗಳು ಸಾಮಾನ್ಯವಾಗಿ ಅಡ್ಡ, ಫೋನಿನ ವಿಡಿಯೊ ಉದ್ದ. 16:9 ಅಳತೆಯ ಅಡ್ಡ ಚಿತ್ರವನ್ನು 1080 ಪಿಕ್ಸೆಲ್ ಅಗಲ, 1920 ಎತ್ತರದ ಚೌಕಟ್ಟಿಗೆ ಪೂರ್ತಿ ಕಾಣುವಂತೆ ಕೂರಿಸಿದರೆ ಅದು ಸುಮಾರು 607 ಪಿಕ್ಸೆಲ್‌ ಎತ್ತರಕ್ಕೆ ಕುಗ್ಗಿ, ಅಂಕಿಗಳು ಇರುವೆಸಾಲಿನಂತಾಗುತ್ತವೆ. ಚೌಕಟ್ಟು ತುಂಬುವಂತೆ ಹಿಗ್ಗಿಸಿದರೆ ಇಕ್ಕೆಲಗಳೂ ಕತ್ತರಿಸಿಹೋಗುತ್ತವೆ. ಎಡಗಡೆಯ ಅಳತೆಗೆರೆ ಆಗ ತಲೆಯ ನೆರವಿಲ್ಲದೆಯೇ ಮಾಯವಾಗುತ್ತದೆ.

ಕೊನೆಗೆ ಚಾರ್ಟನ್ನು ಮೇಲಕ್ಕೆತ್ತಿ, ನನ್ನನ್ನು ಕೆಳಗಿನ ಮಧ್ಯಕ್ಕೆ ಕುಗ್ಗಿಸಿ, ‘ಈ ಕಂಬಗಳು 90ರಿಂದ ಎದ್ದಿವೆ, ಸೊನ್ನೆಯಿಂದಲ್ಲ’ ಎಂಬುದನ್ನೇ ಮೊದಲ ಮಾತಾಗಿಸಿದೆ. ಬಳಿಕ ಸೊನ್ನೆಯಿಂದ ಆರಂಭಿಸಿ ಬರೆದ ಇನ್ನೊಂದು ಚಾರ್ಟನ್ನು ಹಿಂದೆ ತಂದೆ. ಎರಡು ಕಂಬಗಳೂ ಅವಳಿಗಳಂತೆ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತವು. ಅವುಗಳತ್ತ ಚಾಚಿದ ಬೆರಳಿಗೆ ತೋರಿಸಲು ಹೆಚ್ಚೇನೂ ಇರಲಿಲ್ಲ. ಆ ಹೊತ್ತಿನಲ್ಲಿ ಅದನ್ನೂ ಫೋನು ಅಳಿಸಿಹಾಕಿತು.