ಜಾಮೀನು ಯಾರು, ಯಾರಿಗೆ ಹಾಕಬೇಕು?

2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಲ್ಲಿ ಎಷ್ಟೇ ಇದ್ದರೂ 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿರಲಿಲ್ಲ. ಬ್ಯಾಂಕಿನ ಮುಂದೆ ಜನ ಸೇರಿದರು. ಪೆನ್ಷನ್ ದುಡ್ಡು ಇಟ್ಟವರು, ಮಗಳ ಮದುವೆಗೆ ಕೂಡಿಟ್ಟವರು. ಆ ಭಯವನ್ನು ಕಣ್ಣಾರೆ ನೋಡಬಹುದಿತ್ತು. ಅಲ್ಲಿ ಬಂದವರೆಲ್ಲರ ಹಣ ಒಳಗೆ ಸಿಕ್ಕಿಕೊಂಡಿತ್ತು.

ನಾನಿರುವ ಫ್ರಾಂಕ್‌ಫರ್ಟ್‌ನಲ್ಲಿ 2023ರ ಮಾರ್ಚ್ 24, ಶುಕ್ರವಾರ, ಇನ್ನೊಂದು ಬಗೆಯ ಭಯ ನೋಡಿದೆ. ಡಾಯ್ಚ ಬ್ಯಾಂಕಿನ ಷೇರು ಆ ದಿನ ಒಂದು ಹಂತದಲ್ಲಿ ಶೇ 14ರಷ್ಟು ಬಿತ್ತು. ಆದರೆ ಯಾವ ಶಾಖೆಯ ಮುಂದೆಯೂ ಸಾಲು ಇರಲಿಲ್ಲ. ಹಿಂದಿನ ವರ್ಷ ಆ ಬ್ಯಾಂಕು 500 ಕೋಟಿ ಯೂರೋಗಿಂತ ಜಾಸ್ತಿ ಲಾಭ ಮಾಡಿತ್ತು. ಅದೇ ಶುಕ್ರವಾರ ತನ್ನ 150 ಕೋಟಿ ಡಾಲರ್‌ನ ಒಂದು ಬಾಂಡನ್ನು ಅವಧಿಗೆ ಮುಂಚೆಯೇ ತೀರಿಸುತ್ತೇನೆ ಅಂತಲೂ ಹೇಳಿತ್ತು. ಕೈಯಲ್ಲಿ ದುಡ್ಡಿಲ್ಲದವರು ಹಾಗೆ ಹೇಳುವುದಿಲ್ಲ, ಅಲ್ವಾ? ಹಾಗಿದ್ದೂ ಎಲ್ಲರೂ ಒಂದು ಅಂಕಿಯನ್ನೇ ನೋಡುತ್ತಿದ್ದರು: ಆ ಬ್ಯಾಂಕಿನ ಸಾಲ ಮುಳುಗಿದರೆ ನಷ್ಟ ತುಂಬಿಕೊಡುವ ಒಪ್ಪಂದವಾದ ಸಿಡಿಎಸ್, ಅಂದರೆ ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ನ ದರ. ಅದು 200 ಬೇಸಿಸ್ ಪಾಯಿಂಟ್, ಅಂದರೆ ಶೇ 2 ದಾಟಿತ್ತು.

ನನ್ನ ಕೆಲಸ ಈ ಒಪ್ಪಂದಗಳಿಗೆ ಸೇರಿದ ಒತ್ತೆ ಹಣದ ಲೆಕ್ಕ ನೋಡುವುದು. ಬೆಂಗಳೂರಿಗೆ ಬಂದಾಗ ಮಲ್ಲೇಶ್ವರದ ಚಿಕ್ಕಪ್ಪನಿಗೆ ಇದನ್ನು ವಿವರಿಸಲು ಹೋದೆ. ಅವರು ಒಂದು ಸಣ್ಣ ಪತ್ತಿನ ಸಂಘದ ನಿರ್ದೇಶಕರು. ಜಾಮೀನು ಅನ್ನುವುದು ಅವರಿಗೆ ದಿನದ ಮಾತು.

ಅವರ ಸಂಘದಲ್ಲಿ ಸಾಲ ಬೇಕಾದರೆ ಇಬ್ಬರು ಸದಸ್ಯರು ಜಾಮೀನು ಹಾಕಬೇಕು. ಒಬ್ಬ ಸದಸ್ಯ ಇಷ್ಟೇ ಸಾಲಕ್ಕೆ ಸಹಿ ಹಾಕಬಹುದು ಅಂತ ಮಿತಿ ಇದೆ. ಯಾರು ಯಾರಿಗೆ ಹಾಕಿದ್ದಾರೆ ಅನ್ನುವುದು ಒಂದೇ ರಿಜಿಸ್ಟರ್‌ನಲ್ಲಿದೆ. ಚಿಕ್ಕಪ್ಪ ಆ ಪುಸ್ತಕ ತೆರೆದು ತೋರಿಸಿದರು. ಎಡಗಡೆ ಸಾಲಗಾರನ ಹೆಸರು, ಬಲಗಡೆ ಎರಡು ಸಹಿ, ಕೊನೆಯ ಕಲಮ್ಮಿನಲ್ಲಿ ಆ ಇಬ್ಬರೂ ಈಗಾಗಲೇ ಹೊತ್ತಿರುವ ಬೇರೆ ಜಾಮೀನುಗಳ ಮೊತ್ತ.

ಸಿಡಿಎಸ್ ಕೂಡ ಒಂದು ಬಗೆಯ ಜಾಮೀನೇ. ಒಂದು ಕಂಪನಿಯ ಬಾಂಡ್ ನನ್ನ ಹತ್ತಿರ ಇದೆ ಅಂದುಕೊಳ್ಳಿ, ಒಂದು ಕೋಟಿ ಯೂರೋದ್ದು. ಕಂಪನಿ ಮುಳುಗಿದರೆ ಅನ್ನುವ ಭಯ ನನಗಿದೆ. ನಾನು ಒಬ್ಬ ಮಾರಾಟಗಾರನ ಹತ್ತಿರ ಐದು ವರ್ಷದ ರಕ್ಷಣೆ ಕೊಳ್ಳುತ್ತೇನೆ. ದರ 100 ಬೇಸಿಸ್ ಪಾಯಿಂಟ್, ಅಂದರೆ ಶೇ 1. ವರ್ಷಕ್ಕೆ ಒಂದು ಲಕ್ಷ ಯೂರೋ. ಅದನ್ನು ಮೂರು ತಿಂಗಳಿಗೊಮ್ಮೆ 25,000ದಂತೆ ಕಟ್ಟುತ್ತೇನೆ. ಕಂಪನಿ ದಿವಾಳಿಯಾದರೆ ಒಂದು ಹರಾಜು ನಡೆಸಿ ಅದರ ಬಾಂಡಿಗೆ ಎಷ್ಟು ಬೆಲೆ ಉಳಿದಿದೆ ಅಂತ ನೋಡುತ್ತಾರೆ. ನೂರಕ್ಕೆ 40 ಸಿಕ್ಕಿತು ಅನ್ನಿ, ಉಳಿದ 60ನ್ನು ಮಾರಾಟಗಾರ ನನಗೆ ಕೊಡಬೇಕು. ಇಲ್ಲಿಯವರೆಗೂ ವಿಮೆಯ ಹಾಗೇ ಇದೆ.

ವ್ಯತ್ಯಾಸ ಇಲ್ಲಿದೆ. ಈ ರಕ್ಷಣೆ ಕೊಳ್ಳಲು ನನ್ನ ಹತ್ತಿರ ಆ ಬಾಂಡ್ ಇರಲೇಬೇಕು ಅಂತಿಲ್ಲ.

ಚಿಕ್ಕಪ್ಪ ತಕ್ಷಣ ಕೇಳಿದರು: "ಸಾಲ ಕೊಟ್ಟವನಲ್ಲ, ತಗೊಂಡವನೂ ಅಲ್ಲ. ಅವನಿಗ್ಯಾಕಪ್ಪ ಈ ಜಾಮೀನು?"

ಪ್ರಶ್ನೆ ಸರಿಯಾಗಿಯೇ ಇದೆ. ಒಂದು ಉತ್ತರ, ಕಂಪನಿ ಬೀಳುತ್ತದೆ ಅಂತ ಪಣ ಕಟ್ಟುವವನಿಗೆ ಬೇಕು. ಆದರೆ ಅದೊಂದೇ ಉತ್ತರ ಅಲ್ಲ. ಡಾಯ್ಚ ಬ್ಯಾಂಕಿನಂಥ ದೊಡ್ಡ ಬ್ಯಾಂಕಿನ ಜೊತೆ ಬೇರೆ ಬ್ಯಾಂಕುಗಳು ಬಡ್ಡಿದರದ ಮೇಲೆ, ಕರೆನ್ಸಿಯ ಮೇಲೆ ವರ್ಷಗಟ್ಟಲೆಯ ಒಪ್ಪಂದ ಮಾಡಿಕೊಂಡಿರುತ್ತವೆ. ಆ ಬ್ಯಾಂಕು ಬಿದ್ದರೆ ಇವಕ್ಕೂ ಏಟು. ಅದಕ್ಕೇ ಪ್ರತಿ ದೊಡ್ಡ ಬ್ಯಾಂಕಿನಲ್ಲೂ ಎದುರು ಪಾರ್ಟಿ ಮುಳುಗುವ ಅಪಾಯವನ್ನು ಅಳೆಯುವ ಒಂದು ತಂಡ ಇರುತ್ತದೆ. ಬಾಂಡ್ ಇಲ್ಲದಿದ್ದರೂ ಅವರಿಗೆ ರಕ್ಷಣೆ ಕೊಳ್ಳಲು ನಿಜವಾದ ಕಾರಣ ಇದೆ. ಹಾಗಾಗಿ ಬಾಂಡ್ ಇಲ್ಲದೆ ಕೊಳ್ಳುವವರನ್ನೆಲ್ಲ ಜೂಜುಕೋರರು ಅನ್ನಲು ನನಗೆ ಮನಸ್ಸಿಲ್ಲ.

ತೊಂದರೆ ಏನೆಂದರೆ, ಈ ತಂಡ ಅಪಾಯವನ್ನು ಅಳೆಯುವುದೇ ಸಿಡಿಎಸ್ ದರದಿಂದ. ದರ ಏರಿದರೆ ಅಪಾಯ ಏರಿದೆ ಅಂತ ಅವರ ಲೆಕ್ಕ ಹೇಳುತ್ತದೆ. ಲೆಕ್ಕ ಹೇಳಿದ ಮೇಲೆ ಅವರು ಇನ್ನಷ್ಟು ರಕ್ಷಣೆ ಕೊಳ್ಳಬೇಕು. ಕೊಂಡರೆ ದರ ಇನ್ನೂ ಏರುತ್ತದೆ. ಇತ್ತ ಷೇರು ಪೇಟೆಯವರು ಆ ಅಂಕಿ ನೋಡಿ, ಒಳಗಿನವರಿಗೆ ಏನೋ ಗೊತ್ತಿರಬೇಕು ಅಂತ ಮಾರುತ್ತಾರೆ. ಷೇರು ಬಿದ್ದದ್ದು ಕಂಡು ರಕ್ಷಣೆ ಕೊಳ್ಳುವವರು ಮತ್ತೆ ಹೆಚ್ಚುತ್ತಾರೆ. ಬ್ಯಾಂಕಿನ ಬಗ್ಗೆ ಒಂದೂ ಹೊಸ ಸುದ್ದಿ ಇಲ್ಲದೆ ಭಯ ಸುತ್ತು ಹೊಡೆಯುತ್ತದೆ.

ಒತ್ತೆ ಹಣದ ಕಥೆ ಇದಕ್ಕಿಂತ ಗಟ್ಟಿ. ನನಗೆ ರಕ್ಷಣೆ ಮಾರಿದವನನ್ನೇ ನೋಡಿ. ಅವನು 100ರ ದರಕ್ಕೆ ಮಾರಿದ. ಈಗ ಪೇಟೆಯಲ್ಲಿ ದರ 200. ಅಂದರೆ ಅವನು ವರ್ಷಕ್ಕೆ ಒಂದು ಲಕ್ಷ ಯೂರೋ ಕಡಿಮೆಗೆ ಮಾರಿಬಿಟ್ಟಿದ್ದಾನೆ, ಇನ್ನು ಐದು ವರ್ಷಕ್ಕೆ. ಅದನ್ನು ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು ನಾಲ್ಕೂವರೆ ಲಕ್ಷ ಯೂರೋ. ಸಂಜೆ ಲೆಕ್ಕ ಹಾಕುತ್ತೇವೆ, ಬೆಳಗ್ಗೆ ಅವನಿಗೆ ಮಾರ್ಜಿನ್ ಕಾಲ್ ಹೋಗುತ್ತದೆ: ಇಷ್ಟು ಹಣ ತಂದಿಡು. ಮೂರು ತಿಂಗಳಿಗೆ 25,000 ಬರುತ್ತದೆ ಅಂತ ನೆಮ್ಮದಿಯಾಗಿದ್ದವನು ಒಂದೇ ದಿನದಲ್ಲಿ ನಾಲ್ಕೂವರೆ ಲಕ್ಷ ಹೊಂದಿಸಬೇಕು. ಕಂಪನಿ ಒಂದು ಕಂತನ್ನೂ ತಪ್ಪಿಸಿಲ್ಲ, ನೆನಪಿಡಿ. ಹಣಕ್ಕಾಗಿ ಅವನು ತನ್ನ ಬೇರೆ ಬಾಂಡ್‌ಗಳನ್ನು ಮಾರುತ್ತಾನೆ. ನಷ್ಟ ಇನ್ನೂ ಬೆಳೆಯಬಾರದು ಅಂತ ಅದೇ ಕಂಪನಿಯ ರಕ್ಷಣೆಯನ್ನು ತಾನೇ ಕೊಳ್ಳಲು ಪೇಟೆಗೆ ಬರುತ್ತಾನೆ. ಜಾಮೀನು ಹಾಕಿದವನೇ ಜಾಮೀನು ಹುಡುಕಿಕೊಂಡು ಓಡಿದ ಹಾಗಾಯಿತು.

ಅಮೆರಿಕದ ವಿಮಾ ಕಂಪನಿ ಎಐಜಿ 2008ರಲ್ಲಿ ಕುಸಿದದ್ದು ಹೀಗೇ. ಮನೆ ಸಾಲಗಳನ್ನು ಕಟ್ಟು ಮಾಡಿ ಮಾಡಿದ ಬಾಂಡ್‌ಗಳಿಗೆ ಅದು ಭಾರಿ ಪ್ರಮಾಣದಲ್ಲಿ ರಕ್ಷಣೆ ಮಾರಿತ್ತು. 2007ರ ಜುಲೈನಲ್ಲೇ, ರಕ್ಷಣೆ ಕೊಂಡಿದ್ದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು 180 ಕೋಟಿ ಡಾಲರ್ ಒತ್ತೆ ಕೇಳಿತು. ಚೌಕಾಸಿ ಮಾಡಿ ಎಐಜಿ 45 ಕೋಟಿ ಕೊಟ್ಟಿತು. ಬಾಂಡ್‌ಗಳ ಬೆಲೆ ಇಳಿದ ಹಾಗೆಲ್ಲ ಒತ್ತೆಯ ಬೇಡಿಕೆ ಬರುತ್ತಲೇ ಇತ್ತು. ಅದರ ಒಪ್ಪಂದಗಳಲ್ಲಿ ಇನ್ನೊಂದು ಷರತ್ತಿತ್ತು: ಎಐಜಿಯ ರೇಟಿಂಗ್ ಇಳಿದರೆ ಒತ್ತೆ ಇನ್ನೂ ಜಾಸ್ತಿ ಕೊಡಬೇಕು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸ್ ದಿವಾಳಿಯಾಯಿತು. ಅದೇ ದಿನ ರೇಟಿಂಗ್ ಕಂಪನಿಗಳು ಎಐಜಿಯ ರೇಟಿಂಗ್ ಇಳಿಸಿದವು. ಅತ್ಯಂತ ಕಷ್ಟದಲ್ಲಿದ್ದ ದಿನವೇ ಅತ್ಯಂತ ಹೆಚ್ಚು ಹಣ ಕಟ್ಟಬೇಕಾಗಿ ಬಂತು. ಮರುದಿನ ಅಮೆರಿಕದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲ ಕೊಟ್ಟು ಎತ್ತಿ ಹಿಡಿಯಬೇಕಾಯಿತು. ಆ ಬಾಂಡ್‌ಗಳು ಕೆಟ್ಟವೇ ಆಗಿದ್ದವು, ಅದನ್ನು ಮುಚ್ಚಿಡುವುದು ಬೇಡ. ಆದರೆ ಮಾಮೂಲಿ ವಿಮೆಯಾಗಿದ್ದರೆ ನಷ್ಟ ಆದಾಗ ಮಾತ್ರ, ಆದಷ್ಟು ಮಾತ್ರ ಕೊಡಬೇಕಿತ್ತು. ಬೆಲೆ ಇಳಿದ ದಿನವೇ ಕೊಡಬೇಕು ಅನ್ನುವುದು ಸಿಡಿಎಸ್‌ನ ಗುಣ.

ಒತ್ತೆ ಕೇಳುವುದನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಒತ್ತೆ ಇಲ್ಲದಿದ್ದರೆ ಕೊಂಡವನ ಗತಿ ಏನು? ಎಐಜಿ ಮೊದಲ ದಿನದಿಂದಲೇ ಒತ್ತೆ ಇಟ್ಟು, ಪ್ರತಿದಿನ ಸ್ವಲ್ಪಸ್ವಲ್ಪ ಸೇರಿಸುತ್ತಾ ಬಂದಿದ್ದರೆ ಅಷ್ಟೊಂದು ಮಾರುವ ಧೈರ್ಯವೇ ಬರುತ್ತಿರಲಿಲ್ಲ. ಮೊದಲು ಒತ್ತೆಯೇ ಇಲ್ಲದೆ, ಕೊನೆಗೆ ರಾಶಿ ಹಣ ಒಟ್ಟಿಗೆ ಕೊಡಬೇಕಾಗಿ ಬಂದದ್ದು ಅದನ್ನು ಮುಳುಗಿಸಿತು.

ಚಿಕ್ಕಪ್ಪನ ರಿಜಿಸ್ಟರ್‌ನ ಕೊನೆಯ ಕಲಮ್ಮು ನನಗೆ ಮುಖ್ಯ ಅನಿಸಿದ್ದು ಇದಕ್ಕೇ. ಲೀಮನ್ ಬಿದ್ದಾಗ ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೀಮನ್ ಮೇಲಿನ ಸಿಡಿಎಸ್ 40,000 ಕೋಟಿ ಡಾಲರ್ ಇರಬಹುದು ಅಂತ ಊಹೆ ಓಡಾಡಿತು. ಪ್ರತಿಯೊಬ್ಬರೂ ಎದುರಿನವನನ್ನು ಅನುಮಾನದಿಂದ ನೋಡಿದರು, ಸಾಲ ಕೊಡುವುದನ್ನೇ ನಿಲ್ಲಿಸಿದರು. ಅಕ್ಟೋಬರ್ 10ರಂದು ಹರಾಜು ನಡೆಯಿತು. ಲೀಮನ್ ಬಾಂಡಿಗೆ ಡಾಲರಿಗೆ 8.625 ಸೆಂಟು ಬೆಲೆ ಬಂತು. ಅಂದರೆ ಮಾರಿದವರು ನೂರಕ್ಕೆ 91ಕ್ಕಿಂತ ಹೆಚ್ಚು ಕೊಡಬೇಕು. ಆದರೆ ಅಮೆರಿಕದ ದಾಖಲೆ ಸಂಸ್ಥೆ ಡಿಟಿಸಿಸಿ ಲೆಕ್ಕ ಬಿಡಿಸಿದಾಗ ಅಲ್ಲಿ ದಾಖಲಾದ ಒಪ್ಪಂದಗಳ ಮೊತ್ತ 7,200 ಕೋಟಿ ಡಾಲರ್ ಮಾತ್ರ. ಹೆಚ್ಚಿನವರು ಒಂದು ಕೈಯಲ್ಲಿ ಕೊಂಡು ಇನ್ನೊಂದು ಕೈಯಲ್ಲಿ ಮಾರಿದ್ದರಿಂದ ಕಳೆದು ಕೂಡಿದ ಮೇಲೆ ನಿಜವಾಗಿ ಕೈ ಬದಲಾದದ್ದು ಸುಮಾರು 520 ಕೋಟಿ. ಆ ಅಂಕಿ ಸೆಪ್ಟೆಂಬರ್ 15ರ ಬೆಳಗ್ಗೆಯೇ ಎಲ್ಲರ ಮುಂದೆ ಇದ್ದಿದ್ದರೆ, ಭಯದ ಈ ಒಂದು ಪಾಲಾದರೂ ಕಮ್ಮಿಯಾಗುತ್ತಿತ್ತು ಅಂತ ನನ್ನ ನಂಬಿಕೆ.

ಡಾಯ್ಚ ಬ್ಯಾಂಕಿನ ವಿಷಯದಲ್ಲೂ ಅಷ್ಟೇ. ಸುಮಾರು 50 ಲಕ್ಷ ಯೂರೋದ ಒಂದೇ ಸಿಡಿಎಸ್ ವ್ಯವಹಾರ ಆ ದಿನದ ಗಾಬರಿಗೆ ಕಿಡಿ ಹಚ್ಚಿರಬಹುದು ಅಂತ ಮೇಲ್ವಿಚಾರಕರು ಅನುಮಾನಿಸಿದ್ದು ಆಮೇಲೆ ವರದಿಯಾಯಿತು. ಲಕ್ಷ ಕೋಟಿ ಯೂರೋಗೂ ಮಿಕ್ಕಿದ ಆಸ್ತಿಯ ಬ್ಯಾಂಕಿಗೆ ಅದು ಯಾವ ಲೆಕ್ಕ? ಒಂದು ಹೆಸರಿನ, ಅಂದರೆ ಒಂದೇ ಕಂಪನಿ ಅಥವಾ ಬ್ಯಾಂಕಿನ ಸಾಲದ ಮೇಲಿನ ಸಿಡಿಎಸ್ ಪೇಟೆ ಬಹಳ ತೆಳು, ಅಲ್ಲಿ ದಿನಕ್ಕೆ ಬೆರಳೆಣಿಕೆಯ ವ್ಯವಹಾರ ನಡೆದರೆ ಜಾಸ್ತಿ. ಯುರೋಪಿನ ಬ್ಯಾಂಕ್ ಮೇಲ್ವಿಚಾರಣೆಯ ಮುಖ್ಯಸ್ಥರಾಗಿದ್ದ ಆಂದ್ರೆಯಾ ಎನ್ರಿಯಾ ಮರುವಾರವೇ ಇದನ್ನು ಬಾಯಿಬಿಟ್ಟು ಹೇಳಿದರು: ಈ ಪೇಟೆ ಮಬ್ಬು, ಆಳವಿಲ್ಲದ್ದು, ಕೆಲವೇ ದಶಲಕ್ಷ ಯೂರೋದಿಂದ ದೊಡ್ಡ ಬ್ಯಾಂಕುಗಳ ಮೇಲೆ ಭಯ ಹರಡಬಹುದು.

ಹಾಗಾದರೆ ಅಂಕಿ ಏರಿದಾಗ ಬೆಂಕಿ ಇದೆಯೋ ಬರೀ ಹೊಗೆಯೋ ಅಂತ ತಿಳಿಯುವುದು ಹೇಗೆ? ನಾನು ಮೊದಲು ನೋಡುವುದು ಠೇವಣಿಯನ್ನು. ಅದೇ ಮಾರ್ಚ್‌ನಲ್ಲಿ ಕುಸಿದು, ಇನ್ನೊಂದು ಸ್ವಿಸ್ ಬ್ಯಾಂಕಾದ ಯುಬಿಎಸ್ ಪಾಲಾದ ಕ್ರೆಡಿಟ್ ಸ್ವಿಸ್‌ನಿಂದ 2022ರ ಕೊನೆಯ ಮೂರು ತಿಂಗಳಲ್ಲೇ ಗ್ರಾಹಕರು 11,000 ಕೋಟಿ ಸ್ವಿಸ್ ಫ್ರಾಂಕ್‌ಗಿಂತ ಹೆಚ್ಚು ಹಣ ಹೊರತೆಗೆದಿದ್ದರು. ಡಾಯ್ಚ ಬ್ಯಾಂಕಿನಲ್ಲಿ ಅಂಥದ್ದು ಆಗಿರಲಿಲ್ಲ. ಆಮೇಲೆ ಒಂದು ವರ್ಷದ ಸಿಡಿಎಸ್ ದರವನ್ನು ಐದು ವರ್ಷದ್ದರ ಪಕ್ಕ ಇಟ್ಟು ನೋಡುತ್ತೇನೆ. ಸಾಮಾನ್ಯವಾಗಿ ಹೆಚ್ಚು ವರ್ಷಕ್ಕೆ ಹೆಚ್ಚು ದರ. ಒಂದು ವರ್ಷದ್ದೇ ಮೇಲೆ ಹೋದರೆ, ಬ್ಯಾಂಕು ಈ ವರ್ಷ ದಾಟುತ್ತದೋ ಇಲ್ಲವೋ ಅನ್ನುವ ಅನುಮಾನ ಪೇಟೆಗೆ ಬಂದಿದೆ ಅಂತ. ಕ್ರೆಡಿಟ್ ಸ್ವಿಸ್‌ಗೆ ಅದು ಕೊನೆಯ ದಿನಗಳಲ್ಲಿ ಹಾಗೇ ಆಗಿತ್ತು. ಒಂಟಿಯಾಗಿ ಐದು ವರ್ಷದ ದರ ಎರಡು ದಿನ ಜಿಗಿದರೆ ನಾನು ಗಾಬರಿಯಾಗುವುದಿಲ್ಲ.

ನಿಯಮಗಳ ವಿಷಯದಲ್ಲಿ ಯುರೋಪಿನವರೂ ಭಾರತದ ನಮ್ಮವರೂ ಎಚ್ಚರದಿಂದ ನಡೆದಿದ್ದಾರೆ. ಯುರೋಪು 2012ರ ನವೆಂಬರ್‌ನಿಂದ, ಬಾಂಡ್ ಅಥವಾ ಅದಕ್ಕೆ ಸಂಬಂಧಿಸಿದ ಅಪಾಯ ಇಲ್ಲದೆ ಸರ್ಕಾರಗಳ ಸಾಲದ ಮೇಲೆ ಸಿಡಿಎಸ್ ಕೊಳ್ಳುವುದನ್ನು ನಿಷೇಧಿಸಿತು. ಬ್ಯಾಂಕುಗಳ ಸಾಲಕ್ಕೆ ಆ ನಿಷೇಧ ಇಲ್ಲ. ರಿಸರ್ವ್ ಬ್ಯಾಂಕ್ 2011ರಲ್ಲಿ ಕಾರ್ಪೊರೇಟ್ ಬಾಂಡ್‌ಗಳಿಗೆ ಸಿಡಿಎಸ್ ಬಿಟ್ಟಾಗ, ಬಳಕೆದಾರರ ಹತ್ತಿರ ಬಾಂಡ್ ಇರಲೇಬೇಕು ಅಂದಿತ್ತು. ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನೇ ಅದೂ ಕೇಳಿತ್ತು. 2022ರಲ್ಲಿ ಈ ಹಿಡಿತ ಸಡಿಲಾಯಿತು. ದೊಡ್ಡ ಸಂಸ್ಥೆಗಳು ಈಗ ಬಾಂಡ್ ಇಲ್ಲದೆಯೂ ಕೊಳ್ಳಬಹುದು, ಸಣ್ಣ ಬಳಕೆದಾರರು ರಕ್ಷಣೆಗೆ ಮಾತ್ರ.

ಈ ಸಡಿಲಿಕೆಯನ್ನು ನಾನು ವಿರೋಧಿಸುವುದಿಲ್ಲ. ಬಾಂಡ್ ಇದ್ದವರು ಮಾತ್ರ ಬಂದರೆ ಪೇಟೆ ತೆಳುವಾಗುತ್ತದೆ, ತೆಳು ಪೇಟೆಯಲ್ಲಿ ಏನಾಗುತ್ತದೆ ಅಂತ ಫ್ರಾಂಕ್‌ಫರ್ಟ್‌ನಲ್ಲಿ ನೋಡಿದ್ದೇನೆ. ನಾನು ಕೇಳುವುದು ಬೇರೆ. ಪ್ರತಿ ವ್ಯವಹಾರದ ಮೊತ್ತ ಮತ್ತು ದರ ಅವತ್ತೇ ಹೊರಗೆ ಬರಲಿ. ದರ 200 ಆಯಿತು ಅಂತ ಕೂಗುವವರ ಪಕ್ಕದಲ್ಲೇ, ಅದು ಎಷ್ಟು ಮೊತ್ತಕ್ಕೆ, ಎಷ್ಟು ವ್ಯವಹಾರದಿಂದ ಆಯಿತು ಅನ್ನುವುದೂ ಕಾಣಲಿ. ಒಂದು ಹೆಸರಿನ ಮೇಲೆ ಒಟ್ಟು ಎಷ್ಟು ರಕ್ಷಣೆ ಮಾರಾಟವಾಗಿದೆ, ಕಳೆದು ಕೂಡಿದರೆ ಎಷ್ಟು ಉಳಿಯುತ್ತದೆ ಅನ್ನುವುದು ವಾರಕ್ಕೊಮ್ಮೆಯಾದರೂ ಪ್ರಕಟವಾಗಲಿ. ಮಾರುವವರು ಮೊದಲ ದಿನವೇ ಒತ್ತೆ ಇಡಲಿ. ಭಾರತದಲ್ಲಿ ಈ ಪೇಟೆ ಇನ್ನೂ ಬಹಳ ಚಿಕ್ಕದು. ಇವನ್ನೆಲ್ಲ ಜಾರಿಗೆ ತರಲು ಈಗ ಯಾರ ಕಾಲನ್ನೂ ತುಳಿಯಬೇಕಾಗಿಲ್ಲ. ಬೆಳೆದ ಮೇಲೆ ಹೊರಟರೆ ಎಷ್ಟು ಕಷ್ಟ ಅನ್ನುವುದಕ್ಕೆ ಯುರೋಪೇ ಸಾಕ್ಷಿ: ಒಂದು ಹೆಸರಿನ ಸಿಡಿಎಸ್‌ಗಳೆಲ್ಲ ಕೊಳ್ಳುವವನ ಮತ್ತು ಮಾರುವವನ ನಡುವೆ ನಿಂತು ಇಬ್ಬರಿಗೂ ಹೊಣೆಯಾಗುವ ಒಂದು ಕೇಂದ್ರ ಕ್ಲಿಯರಿಂಗ್ ಸಂಸ್ಥೆಯ ಮೂಲಕವೇ ನಡೆಯಲಿ ಅನ್ನುವ ಮಾತನ್ನು ಎನ್ರಿಯಾ ಎತ್ತಿದ್ದು 2008 ಕಳೆದು ಹದಿನೈದು ವರ್ಷದ ಮೇಲೆ.